ವರ್ಷದ ಬಿಲ್ ಒಂದೇ ದಿನ, ಆದಾಯ ಮಾತ್ರ ತಿಂಗಳು ತಿಂಗಳು

ಹುಬ್ಬಳ್ಳಿಯಲ್ಲಿ ಯುಪಿಎಸ್ ಮಾರಾಟ ಮತ್ತು ಸರ್ವಿಸ್ ಮಾಡುವ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿ ಇದೆ ಅಂದುಕೊಳ್ಳಿ. ಧಾರವಾಡದ ಒಂದು ಆಸ್ಪತ್ರೆ ತನ್ನ ಎಲ್ಲ ಯುಪಿಎಸ್‌ಗಳ ಎಎಂಸಿ, ಅಂದರೆ ವರ್ಷವಿಡೀ ನೋಡಿಕೊಳ್ಳುವ ಒಪ್ಪಂದ, ಇವರಿಗೆ ಕೊಟ್ಟಿದೆ. ಅವಧಿ 2024ರ ಅಕ್ಟೋಬರ್ 16ರಿಂದ 2025ರ ಅಕ್ಟೋಬರ್ 15ರವರೆಗೆ. ವರ್ಷಕ್ಕೆ ₹1,82,500. ಅದರ ಮೇಲೆ ಶೇ. 18 ಜಿಎಸ್‌ಟಿ, ಅಂದರೆ ₹32,850. ಅಕ್ಟೋಬರ್ 16ಕ್ಕೆ ₹2,15,350ರ ಒಂದೇ ಬಿಲ್ ಹೋಯಿತು. ಆ ತಿಂಗಳೊಳಗೇ ಹಣವೂ ಬಂತು.

ಈಗ ಅಕ್ಟೋಬರ್ ತಿಂಗಳ ಲೆಕ್ಕ ಮುಗಿಸಬೇಕು. ಈ ಎಎಂಸಿಯಿಂದ ಅಕ್ಟೋಬರ್‌ನಲ್ಲಿ ಬಂದ ಆದಾಯ ಎಷ್ಟು?

₹2,15,350 ಅಲ್ಲ. ₹1,82,500 ಕೂಡ ಅಲ್ಲ. ಸರಿಯಾದ ಉತ್ತರ ₹8,000.

ಇಲ್ಲೇ ಕಂಪನಿ ಮಾಲೀಕರಿಗೆ ಕಸಿವಿಸಿ ಆಗುವುದು. “ದುಡ್ಡು ಬ್ಯಾಂಕಿಗೆ ಬಂದಾಗಿದೆ ಸಾರ್, ಬಿಲ್ಲೂ ಹಾಕಾಗಿದೆ, ಮತ್ಯಾಕೆ ಎಂಟೇ ಸಾವಿರ?” ಅಂತ ಅಕೌಂಟೆಂಟ್‌ನ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ದುಡ್ಡು ಬಂದಿದೆ ನಿಜ, ಆದರೆ ಕೆಲಸ ಇನ್ನೂ ಆಗಿಲ್ಲ. ಅಕ್ಟೋಬರ್ 31ರ ರಾತ್ರಿಗೆ ಕಂಪನಿ ಹದಿನಾರು ದಿನ ಮಾತ್ರ ಆ ಆಸ್ಪತ್ರೆಯ ಯುಪಿಎಸ್‌ಗಳ ಜವಾಬ್ದಾರಿ ಹೊತ್ತಿದೆ. ಉಳಿದ 349 ದಿನಗಳ ಕೆಲಸ ಬಾಕಿ ಇದೆ. ಮುಂದಿನ ಏಪ್ರಿಲ್‌ನಲ್ಲಿ ಬ್ಯಾಟರಿ ಕೈಕೊಟ್ಟರೂ ಹುಡುಗನನ್ನು ಕಳಿಸಲೇಬೇಕು. ಕಳಿಸದಿದ್ದರೆ ಆಸ್ಪತ್ರೆ ದುಡ್ಡು ವಾಪಸ್ ಕೇಳುತ್ತದೆ. ಹಾಗಾಗಿ ಮಾಡದ ಕೆಲಸಕ್ಕೆ ಬಂದ ದುಡ್ಡು ಆದಾಯ ಅಲ್ಲ, ಸಾಲ. ದುಡ್ಡಿನ ರೂಪದಲ್ಲಲ್ಲ, ಕೆಲಸ ಮಾಡಿ ತೀರಿಸಬೇಕಾದ ಸಾಲ. ಅದನ್ನು ಬ್ಯಾಲೆನ್ಸ್ ಶೀಟಿನ ಹೊಣೆಗಳ ಕಡೆ ‘ಮುಂಗಡ ಆದಾಯ’ ಅಂತ ಇಡುತ್ತೇವೆ. ಆಫೀಸಿನ ಮಾತಲ್ಲಿ ಡಿಫರ್ಡ್ ಇನ್‌ಕಮ್.

ಒಪ್ಪಂದ 365 ದಿನಗಳದ್ದು. ₹1,82,500 ಭಾಗ 365 ಅಂದರೆ ದಿನಕ್ಕೆ ₹500. ಅಕ್ಟೋಬರ್‌ನ 16 ದಿನಕ್ಕೆ ₹8,000. ಲೆಕ್ಕ ಸಲೀಸಾಗಲಿ ಅಂತ ನಾನು ಈ ಮೊತ್ತ ಆರಿಸಿಕೊಂಡೆ. ನಿಜವಾದ ಬಿಲ್‌ಗಳಲ್ಲಿ ಪೈಸೆ ಲೆಕ್ಕ ಬರುತ್ತದೆ. ಆಗ ಪ್ರತಿ ತಿಂಗಳೂ ರೂಪಾಯಿಗೆ ದುಂಡಾಗಿಸಿ, ಕೊನೇ ತಿಂಗಳಲ್ಲಿ ಉಳಿದದ್ದಷ್ಟನ್ನೂ ತೆಗೆದುಕೊಂಡರೆ ಸರಿಹೋಗುತ್ತದೆ.

ಎಂಟ್ರಿಗಳು

ಬಿಲ್ ಹಾಕಿದ ದಿನ, ಅಕ್ಟೋಬರ್ 16:

ಆಸ್ಪತ್ರೆ ಖಾತೆ, ಡೆಬಿಟ್ ₹2,15,350
ಮುಂಗಡ ಎಎಂಸಿ ಆದಾಯ, ಕ್ರೆಡಿಟ್ ₹1,82,500
ಔಟ್‌ಪುಟ್ ಸಿಜಿಎಸ್‌ಟಿ, ಕ್ರೆಡಿಟ್ ₹16,425
ಔಟ್‌ಪುಟ್ ಎಸ್‌ಜಿಎಸ್‌ಟಿ, ಕ್ರೆಡಿಟ್ ₹16,425

ಈ ಎಂಟ್ರಿಯಲ್ಲಿ ಆದಾಯದ ಖಾತೆ ಎಲ್ಲೂ ಇಲ್ಲ, ಗಮನಿಸಿ. ಬಿಲ್ ಹಾಕಿದ ಕ್ಷಣಕ್ಕೆ ಲಾಭ-ನಷ್ಟದ ಪಟ್ಟಿಯಲ್ಲಿ ಒಂದು ರೂಪಾಯಿಯೂ ಅಲುಗಾಡುವುದಿಲ್ಲ. ಆಸ್ತಿ ಕಡೆ ಬರಬೇಕಾದ ಹಣ ಹೆಚ್ಚಿತು, ಹೊಣೆ ಕಡೆ ಅಷ್ಟೇ ಮೊತ್ತ ಹೆಚ್ಚಿತು.

ಹಣ ಬಂದ ದಿನ ಆಸ್ಪತ್ರೆ ಶೇ. 2 ಟಿಡಿಎಸ್ ಹಿಡಿದುಕೊಂಡಿದೆ. ಬಿಲ್‌ನಲ್ಲಿ ಜಿಎಸ್‌ಟಿ ಬೇರೆಯಾಗಿ ತೋರಿಸಿದ್ದರೆ ಟಿಡಿಎಸ್ ಲೆಕ್ಕ ಜಿಎಸ್‌ಟಿ ಬಿಟ್ಟು ಮೂಲ ಮೊತ್ತದ ಮೇಲೆ ಮಾತ್ರ. ₹1,82,500ಕ್ಕೆ ₹3,650.

ಬ್ಯಾಂಕ್, ಡೆಬಿಟ್ ₹2,11,700
ಬರಬೇಕಾದ ಟಿಡಿಎಸ್, ಡೆಬಿಟ್ ₹3,650
ಆಸ್ಪತ್ರೆ ಖಾತೆ, ಕ್ರೆಡಿಟ್ ₹2,15,350

ಇಲ್ಲೂ ಆದಾಯ ಇಲ್ಲ. ಗಿರಾಕಿ ಬಾಕಿ ತೀರಿಸಿದರು, ಅಷ್ಟೇ. ಆದಾಯ ಹುಟ್ಟುವುದು ತಿಂಗಳ ಕೊನೆಗೆ ಹಾಕುವ ಮೂರನೇ ಎಂಟ್ರಿಯಲ್ಲಿ.

ಅಕ್ಟೋಬರ್ 31:

ಮುಂಗಡ ಎಎಂಸಿ ಆದಾಯ, ಡೆಬಿಟ್ ₹8,000
ಎಎಂಸಿ ಆದಾಯ, ಕ್ರೆಡಿಟ್ ₹8,000

ಹೊಣೆ ₹8,000 ಕಡಿಮೆ ಆಯಿತು, ಆದಾಯ ₹8,000 ಹೆಚ್ಚಾಯಿತು. ನವೆಂಬರ್ 30ಕ್ಕೆ ಇದೇ ಎಂಟ್ರಿ ₹15,000ಕ್ಕೆ. ಡಿಸೆಂಬರ್ ಮತ್ತು ಜನವರಿಗೆ ತಲಾ ₹15,500. ಫೆಬ್ರವರಿಗೆ 28 ದಿನ, ₹14,000. ಮಾರ್ಚ್‌ಗೆ ₹15,500. ದಿನ ಎಣಿಸುವುದು ರಗಳೆ ಅನ್ನಿಸಿದರೆ ತಿಂಗಳಿಗೆ ಹನ್ನೆರಡರಲ್ಲಿ ಒಂದು ಪಾಲು ಹಾಕಿ, ಮೊದಲ ಮತ್ತು ಕೊನೆಯ ತಿಂಗಳಿಗೆ ಅರ್ಧರ್ಧ ಹಾಕುವವರೂ ಇದ್ದಾರೆ. ಎರಡೂ ನಡೆಯುತ್ತದೆ. ಆದರೆ ಒಬ್ಬ ಗಿರಾಕಿಗೆ ಒಂದು ರೀತಿ, ಇನ್ನೊಬ್ಬರಿಗೆ ಇನ್ನೊಂದು ರೀತಿ ಮಾಡಬಾರದು. ನನ್ನನ್ನು ಕೇಳಿದರೆ ದಿನದ ಲೆಕ್ಕವೇ ಮೇಲು. ಯಾವ ದಿನ ಬೇಕಾದರೂ ಬಾಕಿ ತಾಳೆ ನೋಡಬಹುದು.

ಒಂದು ವ್ಯಾವಹಾರಿಕ ಮಾತು. ಎಷ್ಟೋ ಆಫೀಸುಗಳಲ್ಲಿ ಬಿಲ್ಲಿಂಗ್ ಸಾಫ್ಟ್‌ವೇರ್ ಸೇಲ್ಸ್ ಬಿಲ್ ಹಾಕಿದ ತಕ್ಷಣ ಸೇಲ್ಸ್ ಲೆಡ್ಜರ್‌ಗೇ ಕ್ರೆಡಿಟ್ ಕೊಡುವಂತೆ ಸೆಟ್ ಆಗಿರುತ್ತದೆ. ಜಿಎಸ್‌ಟಿ ರಿಟರ್ನ್ ಲೆಕ್ಕವೂ ಅಲ್ಲಿಂದಲೇ ಬರುತ್ತದೆ. ಅದನ್ನು ಕೆದಕಲು ಹೋಗಬೇಡಿ. ಬಿಲ್ ಹಾಗೇ ಹೋಗಲಿ. ಅದೇ ದಿನದ ತಾರೀಖಿಗೆ ಒಂದು ಜರ್ನಲ್ ಹಾಕಿ: ಎಎಂಸಿ ಸೇಲ್ಸ್ ಡೆಬಿಟ್ ₹1,82,500, ಮುಂಗಡ ಎಎಂಸಿ ಆದಾಯ ಕ್ರೆಡಿಟ್ ₹1,82,500. ಜಿಎಸ್‌ಟಿ ಲೆಡ್ಜರ್‌ಗಳನ್ನು ಈ ಜರ್ನಲ್‌ನಲ್ಲಿ ಮುಟ್ಟಬಾರದು. ಮುಂಗಡ ಆದಾಯದ ಲೆಡ್ಜರ್ ಮಾಡುವಾಗ ಅದನ್ನು ಕರೆಂಟ್ ಲಯಬಿಲಿಟೀಸ್ ಗುಂಪಿನ ಕೆಳಗೇ ಇಡಿ. ಸುಮ್ನೆ ಇನ್‌ಡೈರೆಕ್ಟ್ ಇನ್‌ಕಮ್ ಕೆಳಗೆ ಇಟ್ಟುಬಿಟ್ಟರೆ ಇಷ್ಟೆಲ್ಲ ಮಾಡಿದ್ದೂ ನೀರಲ್ಲಿ ಹೋಮ. ಮೊತ್ತ ಪೂರ್ತಿ ಮತ್ತೆ ಲಾಭಕ್ಕೇ ಬಂದು ಕೂರುತ್ತದೆ.

ಜಿಎಸ್‌ಟಿಯನ್ನು ಯಾಕೆ ಹಂಚುವುದಿಲ್ಲ?

ಆದಾಯವನ್ನು ಹನ್ನೆರಡು ತಿಂಗಳಿಗೆ ಹಂಚಿದ ಮೇಲೆ ₹32,850 ಜಿಎಸ್‌ಟಿಯನ್ನೂ ಹಂಚಿ ಕಟ್ಟಬಹುದಲ್ವಾ ಅಂತ ಕೇಳುವವರು ಬಹಳ ಜನ. ಆಗುವುದಿಲ್ಲ. ಸೇವೆಯ ಮೇಲಿನ ಜಿಎಸ್‌ಟಿ ಯಾವಾಗ ಕಟ್ಟಬೇಕು ಅನ್ನುವುದನ್ನು ಸಿಜಿಎಸ್‌ಟಿ ಕಾಯ್ದೆಯ 13ನೇ ಸೆಕ್ಷನ್ ಹೇಳುತ್ತದೆ. ಸಮಯಕ್ಕೆ ಸರಿಯಾಗಿ ಬಿಲ್ ಹಾಕಿದ್ದರೆ, ಬಿಲ್ ತಾರೀಖು ಮತ್ತು ಹಣ ಬಂದ ತಾರೀಖು ಇವೆರಡರಲ್ಲಿ ಯಾವುದು ಮೊದಲೋ ಅದು. ಸೇವೆ ಮುಗಿಯಿತೋ ಇಲ್ಲವೋ ಅನ್ನುವುದು ಅಲ್ಲಿ ಲೆಕ್ಕಕ್ಕಿಲ್ಲ. ಆದ್ದರಿಂದ ಪೂರ್ತಿ ₹32,850 ಅಕ್ಟೋಬರ್‌ನ ಹೊಣೆ. ತಿಂಗಳ ರಿಟರ್ನ್ ಹಾಕುವವರಾದರೆ ನವೆಂಬರ್ 20ರೊಳಗೆ ಜಿಎಸ್‌ಟಿಆರ್-3ಬಿ ರಿಟರ್ನ್‌ನಲ್ಲಿ ಕಟ್ಟಿ ಮುಗಿಸಬೇಕು. ಅದು ಮೊದಲಿಂದಲೂ ಸರ್ಕಾರದ ದುಡ್ಡು. ಕಂಪನಿಯ ಆದಾಯವೇ ಅಲ್ಲದ್ದನ್ನು ಹಂಚುವ ಪ್ರಶ್ನೆ ಬರುವುದಿಲ್ಲ.

ಇದರಿಂದ ಒಂದು ವ್ಯತ್ಯಾಸ ಹುಟ್ಟುತ್ತದೆ, ಅದಕ್ಕೆ ಹೆದರಬೇಕಿಲ್ಲ. ಜಿಎಸ್‌ಟಿ ರಿಟರ್ನ್‌ಗಳಲ್ಲಿ 2024-25ರ ವಹಿವಾಟಿನಲ್ಲಿ ಈ ಎಎಂಸಿ ₹1,82,500 ಅಂತ ಕಾಣುತ್ತದೆ. ಲಾಭ-ನಷ್ಟದ ಪಟ್ಟಿಯಲ್ಲಿ ₹83,500 ಮಾತ್ರ. ಎರಡೂ ಸರಿ. ವಹಿವಾಟು ₹5 ಕೋಟಿ ದಾಟಿದವರು ವರ್ಷದ ಕೊನೆಗೆ 9ಸಿ ತಾಳೆಪಟ್ಟಿಯಲ್ಲಿ ಈ ಅಂತರವನ್ನು ವಿವರಿಸಬೇಕಾಗುತ್ತದೆ. ಗಿರಾಕಿವಾರು ಮುಂಗಡ ಆದಾಯದ ಪಟ್ಟಿ ಕೈಯಲ್ಲಿದ್ದರೆ ಅದು ಹತ್ತು ನಿಮಿಷದ ಕೆಲಸ. ಇಲ್ಲದಿದ್ದರೆ ಹಳೇ ಬಿಲ್‌ಗಳನ್ನೆಲ್ಲ ಕೆದಕಬೇಕು.

ಮಾರ್ಚ್ 31

ಈ ಎಂಟ್ರಿಗಳ ನಿಜವಾದ ತೂಕ ಗೊತ್ತಾಗುವುದು ವರ್ಷದ ಕೊನೆಯಲ್ಲಿ. ಅಕ್ಟೋಬರ್ 16ರಿಂದ ಮಾರ್ಚ್ 31ರವರೆಗೆ 167 ದಿನ. ಆದಾಯ ₹83,500. ಉಳಿದ 198 ದಿನಗಳ ₹99,000 ಮಾರ್ಚ್ 31ರ ಬ್ಯಾಲೆನ್ಸ್ ಶೀಟಿನಲ್ಲಿ ಇತರ ಚಾಲ್ತಿ ಹೊಣೆಗಳ ಕೆಳಗೆ, ಮುಂಗಡವಾಗಿ ಬಂದ ಆದಾಯ ಅನ್ನುವ ಸಾಲಿನಲ್ಲಿ ನಿಲ್ಲುತ್ತದೆ.

ಹಾಗೆ ಮಾಡದೆ ಅಕ್ಟೋಬರ್‌ನಲ್ಲೇ ಇಡೀ ₹1,82,500 ಆದಾಯಕ್ಕೆ ಹಾಕಿದ್ದರೆ ಏನಾಗುತ್ತಿತ್ತು? 2024-25ರ ಲಾಭ ₹99,000ರಷ್ಟು ಜಾಸ್ತಿ ಕಾಣುತ್ತಿತ್ತು. ಕಂಪನಿ ಶೇ. 25ರ ಆಸುಪಾಸಿನ ದರದಲ್ಲಿ ತೆರಿಗೆ ಕಟ್ಟುವುದಾದರೆ ಸುಮಾರು ₹25,000 ಒಂದು ವರ್ಷ ಮೊದಲೇ ಕೈಬಿಟ್ಟು ಹೋಗುತ್ತಿತ್ತು. ಮುಂದಿನ ವರ್ಷ ಇದಕ್ಕಿಂತ ಕಷ್ಟ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಟೆಕ್ನಿಷಿಯನ್ ಸಂಬಳ, ಪೆಟ್ರೋಲು, ಬಿಡಿಭಾಗ ಎಲ್ಲ ಖರ್ಚು ಬರುತ್ತದೆ, ಎದುರಿಗೆ ಆದಾಯ ಸೊನ್ನೆ. ಎಎಂಸಿ ವಿಭಾಗ ನಷ್ಟದಲ್ಲಿದೆ ಅಂತ ತಪ್ಪು ತಿಳಿದು ರೇಟು ಏರಿಸುವವರೂ ಇದ್ದಾರೆ, ಆ ಕೆಲಸವನ್ನೇ ಕೈಬಿಡುವವರೂ ಇದ್ದಾರೆ. ನನಗೆ ಈ ವಿಷಯದಲ್ಲಿ ಇಷ್ಟು ಕಾಳಜಿ ಇರುವುದು ಇದಕ್ಕೇ. ಲೆಕ್ಕದ ತಪ್ಪು ವ್ಯಾಪಾರದ ನಿರ್ಧಾರವನ್ನೇ ತಪ್ಪಿಸುತ್ತದೆ.

ಆದಾಯ ತೆರಿಗೆಯವರು ಈ ಹಂಚಿಕೆ ಒಪ್ಪುತ್ತಾರಾ? ಒಪ್ಪುತ್ತಾರೆ. ಆದಾಯ ಗುರುತಿಸುವ ಬಗ್ಗೆ ತೆರಿಗೆ ಇಲಾಖೆಯದೇ ಆದ ಮಾನದಂಡ ಐಸಿಡಿಎಸ್ 4 ಇದೆ. ನಿಗದಿತ ಅವಧಿಯಲ್ಲಿ ಎಷ್ಟು ಸಲ ಅಂತ ಹೇಳಲಾಗದ ಸೇವೆ ಕೊಡುವುದಿದ್ದರೆ ಆದಾಯವನ್ನು ಅವಧಿಗೆ ಸಮನಾಗಿ ಹಂಚಬಹುದು ಅಂತ ಅದೇ ಹೇಳುತ್ತದೆ. ಎಎಂಸಿ ಅಂದರೆ ಅದೇ ತಾನೆ.

ಆದರೆ ಟಿಡಿಎಸ್ ಹತ್ತಿರ ಒಂದು ಕೊಂಡಿ ತಪ್ಪುವುದುಂಟು. ಆಸ್ಪತ್ರೆ ₹3,650 ಟಿಡಿಎಸ್ ಹಿಡಿದದ್ದು 2024-25ರಲ್ಲಿ. ನಮ್ಮ ಹೆಸರಲ್ಲಿ ಹಿಡಿದ ಟಿಡಿಎಸ್ ತೋರಿಸುವ ಇಲಾಖೆಯ 26ಎಎಸ್ ಪಟ್ಟಿಯಲ್ಲಿ ಇಡೀ ₹1,82,500 ಅದೇ ವರ್ಷಕ್ಕೆ ಕಾಣುತ್ತದೆ. ನಾವು ತೋರಿಸಿದ ಆದಾಯ ₹83,500. ಆದಾಯ ತೆರಿಗೆ ನಿಯಮ 37ಬಿಎ ಪ್ರಕಾರ ಆದಾಯ ಯಾವ ವರ್ಷಕ್ಕೆ ಸೇರುತ್ತದೋ ಟಿಡಿಎಸ್ ಕ್ರೆಡಿಟ್ ಆ ವರ್ಷಕ್ಕೆ. ಆದಾಯ ಎರಡು ವರ್ಷಕ್ಕೆ ಹಂಚಿದ್ದರೆ ಟಿಡಿಎಸ್ ಕೂಡ ಅದೇ ಪ್ರಮಾಣದಲ್ಲಿ ಹಂಚಬೇಕು. ಈ ವರ್ಷ ₹1,670 ಬಳಸಿಕೊಂಡು ₹1,980 ಮುಂದಿನ ವರ್ಷಕ್ಕೆ ಒಯ್ಯಬೇಕು. ರಿಟರ್ನ್ ಫಾರಂನ ಟಿಡಿಎಸ್ ಪಟ್ಟಿಯಲ್ಲಿ ಮುಂದಕ್ಕೆ ಒಯ್ಯುವ ಮೊತ್ತಕ್ಕೆ ಕಾಲಂ ಇದೆ. ಪೂರ್ತಿ ಟಿಡಿಎಸ್ ಈಗಲೇ ಕೇಳಿ ಆದಾಯ ಮಾತ್ರ ಅರ್ಧ ತೋರಿಸಿದರೆ ಇಲಾಖೆಯ ಕಂಪ್ಯೂಟರ್ ಹಿಡಿದೇ ಹಿಡಿಯುತ್ತದೆ.

ಒಂದೇ ತಿಂಗಳಲ್ಲಿ ಆರು ಸಲ ಕರೆದರೆ?

ಡಿಸೆಂಬರ್‌ನಲ್ಲಿ ಯುಪಿಎಸ್ ಪದೇ ಪದೇ ಕೈಕೊಟ್ಟು ಆಸ್ಪತ್ರೆಯವರು ಆರು ಸಲ ಕರೆದರು, ಜನವರಿಯಲ್ಲಿ ಒಂದು ಫೋನೂ ಬರಲಿಲ್ಲ ಅಂತಿಟ್ಟುಕೊಳ್ಳಿ. ಡಿಸೆಂಬರ್‌ಗೆ ಜಾಸ್ತಿ ಆದಾಯ, ಜನವರಿಗೆ ಸೊನ್ನೆ ಹಾಕಬೇಕಾ? ಬೇಡ. ಎರಡೂ ತಿಂಗಳಿಗೆ ₹15,500. ಆಸ್ಪತ್ರೆ ಕೊಂಡದ್ದು ಆರು ಭೇಟಿಗಳನ್ನಲ್ಲ. ಯಾವ ಹೊತ್ತಲ್ಲಿ ಕರೆದರೂ ಬರುತ್ತೀರಿ ಅನ್ನುವ ಭರವಸೆಯನ್ನು ಕೊಂಡಿದೆ. ಆ ಭರವಸೆ ಜನವರಿಯ ಪ್ರತಿ ದಿನವೂ ಇತ್ತು. ಖರ್ಚು ಮಾತ್ರ ಆದ ತಿಂಗಳಲ್ಲೇ ಹಾಕಬೇಕು, ಅದನ್ನು ಹಂಚುವಂತಿಲ್ಲ. ಹಾಗಾಗಿ ಡಿಸೆಂಬರ್‌ನ ಲಾಭ ಕುಗ್ಗುತ್ತದೆ, ಜನವರಿಯದು ಹಿಗ್ಗುತ್ತದೆ. ಆ ತಿಂಗಳು ನಿಜಕ್ಕೂ ನಡೆದದ್ದೂ ಅದೇ.

ಒಪ್ಪಂದದಲ್ಲಿ “ವರ್ಷಕ್ಕೆ ನಾಲ್ಕು ಸರ್ವಿಸ್ ಭೇಟಿ, ಅದಕ್ಕಿಂತ ಹೆಚ್ಚು ಕರೆದರೆ ಬೇರೆ ಚಾರ್ಜ್” ಅಂತ ಬರೆದಿದ್ದರೆ ಕತೆ ಬೇರೆ. ಆಗ ಗಿರಾಕಿ ಕೊಂಡದ್ದು ನಾಲ್ಕು ಭೇಟಿಗಳನ್ನೇ. ಪ್ರತಿ ಭೇಟಿ ಮುಗಿದಾಗ ಕಾಲು ಭಾಗ ಆದಾಯ, ಅಂದರೆ ₹45,625. ಅವಧಿಗೆ ಸಮನಾಗಿ ಹಂಚುವುದು ಇಲ್ಲಿ ತಪ್ಪು. ಬಿಲ್‌ನಲ್ಲಿ ಎರಡಕ್ಕೂ ‘ಎಎಂಸಿ’ ಅಂತಲೇ ಇರುತ್ತದೆ. ಅದಕ್ಕೇ ಹೇಳುವುದು, ಬಿಲ್ ನೋಡಿ ಎಂಟ್ರಿ ಹಾಕಬೇಡಿ, ಒಪ್ಪಂದ ಓದಿ ಹಾಕಿ.

ಪಟ್ಟಿ ಮತ್ತು ತಾಳೆ

ಒಬ್ಬ ಗಿರಾಕಿ ಆದರೆ ಬಾಯಲ್ಲೇ ಲೆಕ್ಕ ಹೇಳಬಹುದು. ಎಂಬತ್ತು ಗಿರಾಕಿಗಳಿದ್ದರೆ ಎಕ್ಸೆಲ್ ಪಟ್ಟಿ ಬೇಕೇ ಬೇಕು. ಗಿರಾಕಿಗೆ ಒಂದು ಸಾಲು. ಬಿ ಕಾಲಂನಲ್ಲಿ ಶುರುವಾದ ತಾರೀಖು, ಸಿಯಲ್ಲಿ ಮುಗಿಯುವ ತಾರೀಖು, ಡಿಯಲ್ಲಿ ಜಿಎಸ್‌ಟಿ ಬಿಟ್ಟ ಮೊತ್ತ. ಎಫ್ ಕಾಲಂನಿಂದ ಮುಂದೆ ಮೊದಲ ಸಾಲಿನಲ್ಲಿ ಒಂದೊಂದು ತಿಂಗಳ ಕೊನೆಯ ತಾರೀಖು. ಎಫ್2ರಲ್ಲಿ ಈ ಸೂತ್ರ ಹಾಕಿ ಪಕ್ಕಕ್ಕೂ ಕೆಳಕ್ಕೂ ಎಳೆದರೆ ಸಾಕು:

```
=MAX(0,MIN($C2,F$1)-MAX($B2,EOMONTH(F$1,-1)+1)+1)*$D2/($C2-$B2+1)
```

ಆ ತಿಂಗಳಲ್ಲಿ ಒಪ್ಪಂದದ ಎಷ್ಟು ದಿನ ಬೀಳುತ್ತವೆ ಅಂತ ಎಣಿಸಿ ದಿನದ ದರಕ್ಕೆ ಗುಣಿಸುತ್ತದೆ. ಅವಧಿ ಶುರುವಾಗದ, ಇಲ್ಲವೇ ಮುಗಿದುಹೋದ ತಿಂಗಳಿಗೆ ಸೊನ್ನೆ ತೋರಿಸುತ್ತದೆ. ತಿಂಗಳ ಕಾಲಂನ ಒಟ್ಟು ಮೊತ್ತಕ್ಕೆ ಒಂದೇ ಜರ್ನಲ್ ಹಾಕಿದರೂ ಆಯಿತು.

ಇನ್ನು ತಾಳೆ. ತಿಂಗಳ ಕೊನೆಗೆ ಪಟ್ಟಿಯಲ್ಲಿ ಪ್ರತಿ ಗಿರಾಕಿಯ ಬಾಕಿ ದಿನಗಳನ್ನು ದಿನದ ದರಕ್ಕೆ ಗುಣಿಸಿ ಕೂಡಿಸಿ. ಅದು ಮುಂಗಡ ಆದಾಯ ಲೆಡ್ಜರ್‌ನ ಬಾಕಿಗೆ ಸಮ ಇರಬೇಕು. ನಮ್ಮ ಆಸ್ಪತ್ರೆಯ ಸಾಲು ಮಾರ್ಚ್ 31ಕ್ಕೆ 198 ಗುಣಿಸು 500, ಅಂದರೆ ₹99,000. ತಾಳೆ ಆಗದಿದ್ದರೆ ತಪ್ಪು ಎಲ್ಲಿದೆ ಅಂತ ಬಾಕಿಯ ಚಹರೆಯೇ ಹೇಳುತ್ತದೆ. ಯಾವುದೋ ಗಿರಾಕಿಯ ಮುಂಗಡ ಆದಾಯ ಡೆಬಿಟ್ ಬಾಕಿ ತೋರಿಸುತ್ತಿದ್ದರೆ, ಒಂದು ತಿಂಗಳ ಜರ್ನಲ್ ಎರಡು ಸಲ ಬಿದ್ದಿದೆ, ಇಲ್ಲವೇ ಅವರ ಹೊಸ ಬಿಲ್ ನೇರ ಆದಾಯಕ್ಕೆ ಹೋಗಿದೆ. ಅವಧಿ ಮುಗಿದು ತಿಂಗಳುಗಳೇ ಕಳೆದರೂ ಕ್ರೆಡಿಟ್ ಬಾಕಿ ಅಲುಗಾಡದೆ ಕೂತಿದ್ದರೆ ಯಾವುದೋ ತಿಂಗಳು ಬಿಟ್ಟುಹೋಗಿದೆ. ಬಾಕಿ ಇರಬೇಕಾದ್ದಕ್ಕಿಂತ ಸರಿಯಾಗಿ ಬಿಲ್‌ನ ಮೂಲ ಮೊತ್ತದ ಶೇ. 18ರಷ್ಟು ಜಾಸ್ತಿ ಇದ್ದರೆ ಜಿಎಸ್‌ಟಿ ಸೇರಿಸಿಯೇ ಮುಂಗಡಕ್ಕೆ ಹಾಕಿದ್ದಾರೆ.

ಪಟ್ಟಿ ಸರಿ ಇದ್ದೂ ಮೋಸ ಹೋಗುವ ಒಂದು ಜಾಗ ಇದೆ. ಮಾರ್ಚ್ 25ಕ್ಕೆ ಬಿಲ್ ಹಾಕುತ್ತೀರಿ, ಎಎಂಸಿ ಶುರುವಾಗುವುದು ಏಪ್ರಿಲ್ 1ಕ್ಕೆ. ಹಣ ಬಂದಿಲ್ಲ, ಗಿರಾಕಿ ಇನ್ನೂ ಬೇಡ ಅನ್ನುವ ಹಕ್ಕನ್ನು ಉಳಿಸಿಕೊಂಡಿದ್ದಾರೆ. ಮಾರ್ಚ್ 31ಕ್ಕೆ ನೀವು ಒಂದು ದಿನದ ಕೆಲಸವನ್ನೂ ಮಾಡಿಲ್ಲ, ಒಂದು ರೂಪಾಯಿಯೂ ಬಂದಿಲ್ಲ. ಆದರೂ ಬ್ಯಾಲೆನ್ಸ್ ಶೀಟಿನಲ್ಲಿ ಒಂದು ಕಡೆ ಬರಬೇಕಾದ ಹಣ, ಇನ್ನೊಂದು ಕಡೆ ಮುಂಗಡ ಆದಾಯ, ಎರಡೂ ಉಬ್ಬಿ ಕೂತಿರುತ್ತವೆ. ಬ್ಯಾಂಕಿಗೆ ಸಾಲಕ್ಕೆ ಕೊಡುವ ಪಟ್ಟಿಯಲ್ಲಿ ಇದು ದೊಡ್ಡ ಬಾಕಿಯಂತೆ ಕಾಣುತ್ತದೆ. ಇಂಥ ಬಿಲ್‌ಗಳ ಮೂಲ ಮೊತ್ತವನ್ನು ಮಾರ್ಚ್ 31ರ ಮಟ್ಟಿಗೆ ಎರಡೂ ಕಡೆಯಿಂದ ಕಳೆದು ತೋರಿಸುವುದು ಸರಿ. ಜಿಎಸ್‌ಟಿ ಹೊಣೆ ಮಾತ್ರ ಬಿಲ್ ಹಾಕಿದ ದಿನವೇ ಹುಟ್ಟಿದೆ, ಅದನ್ನು ಕಳೆಯಲಾಗುವುದಿಲ್ಲ.

ಗಿರಾಕಿ ಮಧ್ಯದಲ್ಲಿ ಬಿಟ್ಟರೆ

ಆಸ್ಪತ್ರೆ 2025ರ ಜೂನ್ 30ಕ್ಕೆ ಎಎಂಸಿ ಸಾಕು ಅಂದಿತು. ಬಾಕಿ ಅವಧಿಯ ದುಡ್ಡು ವಾಪಸ್ ಕೊಡಬೇಕು ಅಂತ ಒಪ್ಪಂದದಲ್ಲಿದೆ. ಉಳಿದದ್ದು 107 ದಿನ, ₹53,500. ಜೂನ್ ತಿಂಗಳ ಜರ್ನಲ್ ಹಾಕಿ ಮುಗಿಸಿ ಲೆಡ್ಜರ್ ತೆಗೆದರೆ ಅಲ್ಲಿಯೂ ಅದೇ ₹53,500 ಕಾಣುತ್ತದೆ. ಕ್ರೆಡಿಟ್ ನೋಟ್ ಎಂಟ್ರಿ ಹೀಗೆ:

ಮುಂಗಡ ಎಎಂಸಿ ಆದಾಯ, ಡೆಬಿಟ್ ₹53,500
ಔಟ್‌ಪುಟ್ ಸಿಜಿಎಸ್‌ಟಿ, ಡೆಬಿಟ್ ₹4,815
ಔಟ್‌ಪುಟ್ ಎಸ್‌ಜಿಎಸ್‌ಟಿ, ಡೆಬಿಟ್ ₹4,815
ಆಸ್ಪತ್ರೆ ಖಾತೆ, ಕ್ರೆಡಿಟ್ ₹63,130

ಈಗಾಗಲೇ ತೋರಿಸಿದ ಆದಾಯವನ್ನು ಮುಟ್ಟುವ ಅಗತ್ಯವೇ ಬರಲಿಲ್ಲ. ಹಿಂದಿನ ವರ್ಷದ ಬ್ಯಾಲೆನ್ಸ್ ಶೀಟ್ ಕೂಡ ಹಾಗೇ ಇದೆ. ಒಪ್ಪಂದದಲ್ಲಿ ದುಡ್ಡು ವಾಪಸ್ ಇಲ್ಲ ಅಂತ ಇದ್ದು, ಇನ್ನು ಮಾಡಬೇಕಾದ ಕೆಲಸವೂ ಇಲ್ಲ ಅಂತಾದರೆ, ಆ ₹53,500 ಜೂನ್ 30ಕ್ಕೇ ಆದಾಯವಾಗುತ್ತದೆ. ತೀರಿಸಬೇಕಾದ ಹೊಣೆ ಉಳಿದಿಲ್ಲವಲ್ಲ.

ಕ್ರೆಡಿಟ್ ನೋಟ್‌ಗೆ ಗಡುವು ಇದೆ. ಮೂಲ ಬಿಲ್ 2024-25ರದ್ದು. ಆ ವರ್ಷ ಮುಗಿದ ನಂತರದ ನವೆಂಬರ್ 30ರೊಳಗೆ, ಅಂದರೆ 2025ರ ನವೆಂಬರ್ 30ರೊಳಗೆ, ಅದನ್ನು ರಿಟರ್ನ್‌ನಲ್ಲಿ ತೋರಿಸಿರಬೇಕು. ತಪ್ಪಿದರೆ ₹9,630 ಜಿಎಸ್‌ಟಿಯನ್ನು ಆಸ್ಪತ್ರೆಗೆ ಕಂಪನಿ ತನ್ನ ಕೈಯಿಂದ ಕೊಡಬೇಕಾಗುತ್ತದೆ, ಸರ್ಕಾರದಿಂದ ಸರಿದೂಗಿಸಿಕೊಳ್ಳಲು ಆಗುವುದಿಲ್ಲ. ಗಿರಾಕಿ ಬಿಟ್ಟ ತಿಂಗಳಲ್ಲೇ ಕ್ರೆಡಿಟ್ ನೋಟ್ ಹಾಕಿ, ಪಟ್ಟಿಯ ಸಿ ಕಾಲಂನಲ್ಲಿ ಮುಗಿಯುವ ತಾರೀಖನ್ನು ಜೂನ್ 30ಕ್ಕೂ ಡಿ ಕಾಲಂನ ಮೊತ್ತವನ್ನು ₹1,29,000ಕ್ಕೂ ತಿದ್ದಿ. ಒಂದನ್ನು ಮಾತ್ರ ತಿದ್ದಿದರೆ ದಿನದ ದರವೇ ಬದಲಾಗಿ ಹಳೇ ತಿಂಗಳುಗಳ ಲೆಕ್ಕವೂ ಕೆಡುತ್ತದೆ.